ಬೀಳ್ಕೊಡುಗೆ ಪತ್ರದಲ್ಲಿ ಮೇಷ್ಟ್ರನ್ನು ಹೊಗಳಬೇಡಿ, ಅವರು ಮಾಡಿದ್ದನ್ನು ಬರೆಯಿರಿ

ಪ್ರಶ್ನೆ: ಸರ್, ನಮ್ಮೂರು ಶಿಡ್ಲಘಟ್ಟ ತಾಲ್ಲೂಕು. 2020ರಲ್ಲಿ ಶಾಲೆ ಮುಚ್ಚಿದಾಗ ನಾವು ಆರನೇ ಕ್ಲಾಸು. ಆಮೇಲೆ ಒಂದೂವರೆ ವರ್ಷ ಶಾಲೆ ಸರಿಯಾಗಿ ನಡೆಯಲೇ ಇಲ್ಲ. ಆದರೂ ನಮ್ಮ ಗಣಿತದ ಮೇಷ್ಟ್ರು ಮತ್ತು ಒಬ್ಬರು ಅತಿಥಿ ಶಿಕ್ಷಕಿ ನಮ್ಮನ್ನು ಕೈಬಿಡಲಿಲ್ಲ. ಈಗ ಮೇಷ್ಟ್ರಿಗೆ ವರ್ಗಾವಣೆ ಆಗಿದೆ, ಬೀಳ್ಕೊಡುಗೆ ಇಟ್ಟುಕೊಂಡಿದ್ದಾರೆ. ನಮ್ಮ ಬ್ಯಾಚಿನವರು ಸೇರಿ ಒಂದು ಧನ್ಯವಾದ ಪತ್ರ ಕೊಡಬೇಕು ಅಂತಿದ್ದೇವೆ. ಎಷ್ಟು ಸಲ ಬರೆದರೂ ವಾಟ್ಸಾಪ್ ಫಾರ್ವರ್ಡ್ ತರಾನೇ ಕಾಣುತ್ತೆ. ನಮ್ಮ ಕರಡು ಮತ್ತು ಗೆಳೆಯರು ಹೇಳಿದ ನೆನಪುಗಳ ಪಟ್ಟಿ ಎರಡನ್ನೂ ಕಳಿಸಿದ್ದೇನೆ. ಹೇಗೆ ಬರೆಯೋದು?

ಉತ್ತರ: ಎರಡನ್ನೂ ಓದಿದೆ. ಕರಡನ್ನು ಪಕ್ಕಕ್ಕೆ ಇಡಿ. ಪಟ್ಟಿಯನ್ನು ಹತ್ತಿರ ಇಟ್ಟುಕೊಳ್ಳಿ.

ಕರಡಿನಲ್ಲಿ ತಪ್ಪು ಅಂತ ಏನೂ ಇಲ್ಲ. "ಅಜ್ಞಾನದ ಕತ್ತಲೆ ಕಳೆದು ಜ್ಞಾನದ ಬೆಳಕು ನೀಡಿದ ಗುರುಗಳೇ" ಅಂತ ಶುರು ಮಾಡಿದ್ದೀರಿ, ಶ್ಲೋಕ ಹಾಕಿದ್ದೀರಿ, "ನಿಮ್ಮ ಋಣ ತೀರಿಸಲಾಗದು" ಅಂತ ಮುಗಿಸಿದ್ದೀರಿ. ಆದರೆ ಮೇಷ್ಟ್ರ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ಅದು ಹಾಗೇ ನಡೆಯುತ್ತೆ. ಟೌನಿನ ಪ್ರಿಂಟಿಂಗ್ ಪ್ರೆಸ್‌ನವರ ಹತ್ತಿರ ಇಂಥ ಅಭಿನಂದನಾ ಪತ್ರದ ಮ್ಯಾಟರ್ ರೆಡಿ ಇರುತ್ತೆ. ಹೆಸರು ಬದಲಾಯಿಸಿ ಫ್ರೇಮ್ ಹಾಕಿ ಕೊಡ್ತಾರೆ. ನಿಮ್ಮ ಮೇಷ್ಟ್ರ ಮನೆ ಗೋಡೆ ಮೇಲೆ ಈಗಾಗಲೇ ಅಂಥವು ಎರಡೋ ಮೂರೋ ಇದ್ದೇ ಇರುತ್ತವೆ, ಬೇಕಾದರೆ ನೋಡಿಕೊಂಡು ಬನ್ನಿ. ಅವುಗಳಲ್ಲಿ 2020 ಅನ್ನೋ ವರ್ಷದ ಸುಳಿವೂ ಇರಲ್ಲ.

ಈಗ ಪಟ್ಟಿಗೆ ಬರೋಣ. ಅದರಲ್ಲಿ ಒಬ್ಬರು ಒಂದೇ ಸಾಲು ಬರೆದಿದ್ದಾರೆ: "ಸರ್ ಅರಳಿಕಟ್ಟೆ ಕ್ಲಾಸಿನ ಟೈಮು ಒಂಬತ್ತರಿಂದ ಹನ್ನೊಂದಕ್ಕೆ ಮಾಡಿದ್ರು." ನೀವು ಇದನ್ನು ಪತ್ರಕ್ಕೆ ತಗೊಂಡೇ ಇಲ್ಲ. ಟೈಮ್ ಬದಲಾಯಿಸಿದ್ದರಲ್ಲಿ ಏನು ದೊಡ್ಡಸ್ತಿಕೆ ಅನ್ನಿಸಿರಬೇಕು. ನನ್ನ ಪ್ರಕಾರ ನಿಮ್ಮ ಪತ್ರದ ಜೀವ ಇರೋದೇ ಅಲ್ಲಿ.

ಯಾಕೆ ಅಂತ ಹೇಳ್ತೀನಿ. ನಾನು ಆಗ ಇದೇ ಜಿಲ್ಲೆಯಲ್ಲಿ ಸಿಆರ್‌ಪಿ ಆಗಿದ್ದೆ, ಅಂದರೆ ಸುತ್ತಲಿನ ಶಾಲೆಗಳಿಗೆ ಹೋಗಿ ಶಿಕ್ಷಕರಿಗೆ ನೆರವಾಗೋ ಕೆಲಸ. 2020ರ ಆಗಸ್ಟಿನಲ್ಲಿ, ಶಿಕ್ಷಕರೇ ಮಕ್ಕಳಿರೋ ಕಡೆ ಹೋಗಿ ಪಾಠ ಮಾಡೋ ಸರ್ಕಾರದ ಯೋಜನೆ ವಿದ್ಯಾಗಮ ಶುರುವಾದಾಗ ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು: ಸ್ಮಾರ್ಟ್‌ಫೋನು ಇಂಟರ್ನೆಟ್ಟು ಎರಡೂ ಇರೋರು, ಸಾದಾ ಫೋನ್ ಇರೋರು, ಯಾವ ಫೋನೂ ಇಲ್ಲದೋರು. ಕಾಗದದ ಮೇಲೆ ಆ ಗುಂಪುಗಳಿಗೆ "ಕಾಲ್ಪನಿಕ ಕಲಿಕಾ ಕೊಠಡಿ" ಅಂತ ಹೆಸರು. ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳ ಜವಾಬ್ದಾರಿ. ದೇವಸ್ಥಾನದ ಅಂಗಳ, ಸಮುದಾಯ ಭವನ, ಅರಳಿಕಟ್ಟೆ, ಎಲ್ಲಿ ಗಾಳಿ ಆಡುತ್ತೋ ಅಲ್ಲಿ ದೂರ ದೂರ ಕೂರಿಸಿ ಪಾಠ. ಇಷ್ಟು ಮೇಲಿನಿಂದ ಬಂದ ಸೂಚನೆ. ಇದನ್ನು ಎಲ್ಲರೂ ಮಾಡಬೇಕಿತ್ತು, ಬಹಳ ಜನ ಮಾಡಿದರು. ಆದರೆ ಮಗು ಆ ಕಟ್ಟೆಗೆ ಬರೋ ಹಾಗೆ ಮಾಡೋದು ಹೇಗೆ ಅಂತ ಯಾವ ಸೂಚನೆಯಲ್ಲೂ ಇರಲಿಲ್ಲ. ಅದು ಪೂರ್ತಿ ಮೇಷ್ಟ್ರ ತಲೆಗೆ, ಮೇಷ್ಟ್ರ ಕಾಲಿಗೆ ಬಿಟ್ಟಿದ್ದು.

ನಿಮ್ಮದು ರೇಷ್ಮೆ ಊರು. ಗೊತ್ತಿಲ್ಲದ ಓದುಗರಿಗಾಗಿ ಹೇಳ್ತೀನಿ, ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದರೆ ಸೊಪ್ಪು ತಿನ್ನೋದು ನಿಲ್ಲಿಸಿ ಪೊರೆ ಬಿಡುತ್ತೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ನೋಡಬೇಕು. ತನ್ನ ಜೀವಮಾನದಲ್ಲಿ ತಿನ್ನೋ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿಯನ್ನು ಆ ಕೊನೆಯ ವಾರದಲ್ಲೇ ತಿಂದು ಮುಗಿಸುತ್ತೆ. ಬಿಸಿಲು ಏರೋ ಮುಂಚೆ ಸೊಪ್ಪು ತಂದುಬಿಡಬೇಕು, ಬಾಡಿದ್ದು ಹಾಕೋ ಹಾಗಿಲ್ಲ. ಶಾಲೆ ಬೇರೆ ಮುಚ್ಚಿದೆ, ಮಕ್ಕಳು ಮನೆಯಲ್ಲಿದ್ದಾರೆ, ಕೂಲಿಗೆ ಜನ ಸಿಗ್ತಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಆ ಮಗು ಎಲ್ಲಿರುತ್ತೆ? ಹಿಪ್ಪುನೇರಳೆ ತೋಟದಲ್ಲಿ ಅಥವಾ ಹುಳು ಮನೆಯಲ್ಲಿ. ಹಾಗಾಗಿ ಒಂಬತ್ತರ ಕ್ಲಾಸನ್ನು ಹನ್ನೊಂದಕ್ಕೆ ತಂದವರು ಬರೀ ಗಡಿಯಾರ ನೋಡಿ ತಂದಿಲ್ಲ. ಯಾರ ಮನೆಯಲ್ಲಿ ಹುಳು ಯಾವ ಜ್ವರದಲ್ಲಿದೆ ಅಂತ ವಿಚಾರಿಸಿ, ಸೊಪ್ಪು ಹಾಕಿ ಮುಗಿಯೋ ಹೊತ್ತು ಲೆಕ್ಕ ಹಾಕಿ ತಂದಿದ್ದಾರೆ. ಟೌನಿನಿಂದ ಬೈಕಲ್ಲಿ ಬಂದುಹೋಗೋ ಮೇಷ್ಟ್ರಿಗೆ ಒಂಬತ್ತೇ ಅನುಕೂಲ, ಮಧ್ಯಾಹ್ನಕ್ಕೆ ಮನೆ ಸೇರಬಹುದು. ಅವರು ತಮ್ಮ ಅನುಕೂಲ ಬಿಟ್ಟರು. ಇದನ್ನು ಬರೆಯಿರಿ.

ಅಂದರೆ ಪತ್ರದಲ್ಲಿ ಮೇಷ್ಟ್ರು ಎಂಥವರು ಅನ್ನೋದಕ್ಕಿಂತ ಅವರು ಏನು ತೀರ್ಮಾನ ಮಾಡಿದರು ಅನ್ನೋದು ಬರಲಿ. ಬೇರೆ ಥರ ಮಾಡಬಹುದಾಗಿತ್ತು, ಹೀಗೆ ಮಾಡಿದರು, ಅದರಿಂದ ನಮಗೆ ಹೀಗಾಯಿತು. ಈ ಮೂರು ಒಂದರ ಹಿಂದೆ ಒಂದು ಬಂದರೆ ಸಾಕು, "ನಿಸ್ವಾರ್ಥ", "ಕರುಣಾಮಯಿ" ಯಾವುದೂ ಬೇಕಾಗಲ್ಲ. ಓದಿದವರಿಗೆ ತಾನಾಗೇ ಗೊತ್ತಾಗುತ್ತೆ.

ಪಟ್ಟಿಯಲ್ಲಿ ಇನ್ನೊಂದು ಒಳ್ಳೇದಿದೆ, ಗೂಡಿನ ಲೆಕ್ಕ. ಒಬ್ಬ ಹುಡುಗನ ಅಪ್ಪ ಗೂಡಿನ ಮಾರ್ಕೆಟ್‌ನಿಂದ ತಂದ ಚೀಟಿ ಹಿಡಿದುಕೊಂಡು ಮೇಷ್ಟ್ರು ಅನುಪಾತ ಹೇಳಿಕೊಟ್ಟಿದ್ದು. ರೇಷ್ಮೆ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು. 150 ಮೊಟ್ಟೆಗೆ 105 ಕೆಜಿ ಗೂಡು ಬಂದರೆ 100 ಮೊಟ್ಟೆಗೆ ಎಷ್ಟು? 70 ಕೆಜಿ. ನಮ್ಮ ಕಡೆ ರೈತರು ಬೆಳೆ ಚೆನ್ನಾಗಿ ಬಂತಾ ಅಂತ ನೋಡೋದೇ ನೂರು ಮೊಟ್ಟೆಗೆ ಎಷ್ಟು ಕೆಜಿ ಅನ್ನೋ ಲೆಕ್ಕದಲ್ಲಿ. ಆ ಹುಡುಗ ಸಾಯಂಕಾಲ ಅಪ್ಪನಿಗೆ ಅದನ್ನು ಹೇಳಿದ, ಮಾರನೇ ದಿನದಿಂದ ಅಪ್ಪ ಅವನನ್ನು ಪಾಠದ ಹೊತ್ತಿಗೆ ಕೆಲಸಕ್ಕೆ ಕರೆಯಲಿಲ್ಲ ಅಂತ ಬರೆದಿದ್ದೀರಿ. ಈ ಕೊನೆಯ ವಿಷಯ ಮೇಷ್ಟ್ರಿಗೆ ಗೊತ್ತಿರೋ ಸಾಧ್ಯತೆ ಕಡಿಮೆ. ಕಟ್ಟೆ ಮೇಲೆ ಹೇಳಿದ ಲೆಕ್ಕ ಮನೆಯೊಳಗೆ ಹೋಗಿ ಏನು ಮಾಡಿತು ಅಂತ ಅವರಿಗೆ ಯಾರು ಹೇಳ್ತಾರೆ? ನೀವೇ ಹೇಳಬೇಕು. ಧನ್ಯವಾದ ಪತ್ರದಲ್ಲಿ ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯಾದರೂ ಇರಲಿ ಅಂತ ನಾನು ಎಲ್ಲರಿಗೂ ಹೇಳ್ತೀನಿ.

ಪಟ್ಟಿಯಲ್ಲಿ ಇರೋದನ್ನೆಲ್ಲ ತುರುಕಬೇಡಿ. ಎರಡು ಸಂಗತಿ ಸಾಕು. ಹನ್ನೊಂದು ಜನ ಹನ್ನೊಂದು ಹೇಳಿದ್ದಾರೆ, ಒಬ್ಬರದ್ದು ಬಿಟ್ಟರೆ ಬೇಜಾರಾಗುತ್ತೆ ಅನ್ನೋ ಚಿಂತೆ ಇದ್ದರೆ, ಉಳಿದವರು ತಮ್ಮ ತಮ್ಮ ಕೈಬರಹದಲ್ಲಿ ಎರಡೆರಡು ಸಾಲು ಬರೆದು ಅದರ ಹಿಂದೆ ಪಿನ್ ಮಾಡಲಿ. ಅದನ್ನು ಮೇಷ್ಟ್ರು ಮನೆಗೆ ಹೋಗಿ ನಿಧಾನಕ್ಕೆ ಓದ್ತಾರೆ.

ಬರೆಯೋ ಮುಂಚೆ ಒಂದು ಕೆಲಸ ಇದೆ. ಕರಡಿನಲ್ಲಿ "ಎರಡು ವರ್ಷ ಅರಳಿಕಟ್ಟೆ ಮೇಲೆ ಪಾಠ ಮಾಡಿದಿರಿ" ಅಂತ ಇದೆ. ಅದು ಹಾಗೆ ನಡೆದಿಲ್ಲ. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಸೋಂಕಿನ ಸುದ್ದಿಗಳು ಬಂದು ಗಲಾಟೆ ಆಗಿ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. 2021ರ ಜನವರಿ 1ರಿಂದ ಆರರಿಂದ ಒಂಬತ್ತನೇ ಕ್ಲಾಸಿನವರಿಗೆ ಶಾಲೆ ಆವರಣದಲ್ಲೇ ಮತ್ತೆ ವಿದ್ಯಾಗಮ, ಫೆಬ್ರವರಿ ಕೊನೆಗೆ ಮಾಮೂಲಿ ತರಗತಿ. ಏಪ್ರಿಲ್‌ನಲ್ಲಿ ಎರಡನೇ ಅಲೆ, ಮತ್ತೆ ಬಾಗಿಲು. ಆರರಿಂದ ಎಂಟಕ್ಕೆ ಮತ್ತೆ ಶಾಲೆ ತೆರೆದದ್ದು 2021ರ ಸೆಪ್ಟೆಂಬರ್ 6ಕ್ಕೆ. ಅಂದರೆ ಕಟ್ಟೆ ಮೇಲಿನ ಪಾಠ ನಡೆದದ್ದು ಎರಡು ತಿಂಗಳ ಆಸುಪಾಸು. ಜಾಸ್ತಿ ಹೇಳಿದರೆ ಗೌರವ ಜಾಸ್ತಿ ಆಗುತ್ತೆ ಅಂದುಕೊಳ್ಳಬೇಡಿ. ಅವತ್ತು ಅಲ್ಲಿದ್ದ ಮನುಷ್ಯ ಕೇಳಿಸಿಕೊಳ್ತಾ ಕೂತಿರ್ತಾರೆ, ಒಂದು ತಪ್ಪು ಸಾಲು ಬಂದರೆ ಉಳಿದದ್ದನ್ನೂ ಭಾಷಣ ಅಂತಲೇ ಕೇಳ್ತಾರೆ. ನಿಮ್ಮ ಬ್ಯಾಚಿನಲ್ಲಿ ಯಾರಾದರೂ ಆಗಿನ ನೋಟ್‌ಬುಕ್ ಇಟ್ಟುಕೊಂಡಿದ್ದರೆ ತೆಗೆಸಿ. ಮೇಷ್ಟ್ರು ಕೆಂಪು ಇಂಕಿನಲ್ಲಿ ಸಹಿ ಮಾಡಿ ದಿನಾಂಕ ಹಾಕಿರ್ತಾರೆ. ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ.

ಇದರ ಜೊತೆಗೇ ಬರೋ ಸೂಕ್ಷ್ಮ ಒಂದಿದೆ. ಅಕ್ಟೋಬರ್‌ನಲ್ಲಿ ನಿಲ್ಲಿಸಿ ಅಂದ ಮೇಲೂ ಕೆಲವರು ಸದ್ದಿಲ್ಲದೆ ಪಾಠ ಮುಂದುವರಿಸಿದ್ದುಂಟು. ನಿಮ್ಮ ಪಟ್ಟಿಯಲ್ಲೂ ಅಂಥ ಒಂದು ಮಾತು ಇದೆ. ಅದನ್ನು ವೇದಿಕೆ ಮೇಲೆ ಓದಬೇಡಿ. ಮುಂದಿನ ಸಾಲಲ್ಲಿ ಬಿಇಒ ಕೂತಿರ್ತಾರೆ, ಇಷ್ಟು ವರ್ಷದ ಮೇಲೆ ಅವರೇನೂ ಮಾಡಲ್ಲ ಬಿಡಿ, ಆದರೆ ಮೇಷ್ಟ್ರು ಸುಮ್ನೆ ಇರಿಸುಮುರುಸು ಪಡಬೇಕಾಗುತ್ತೆ. ಹಾಗೇ ಒಬ್ಬಳ ಅಕ್ಕನ ಮದುವೆ ನಿಲ್ಲಿಸಿದ ವಿಷಯ. ಆಗ ಅವಳಿಗೆ ಹದಿನೆಂಟು ಆಗಿರಲಿಲ್ಲ, ಮೇಷ್ಟ್ರು ಮನೆಗೆ ಹೋಗಿ ಅವರಜ್ಜಿ ಹತ್ತಿರ ತೆಲುಗಲ್ಲೇ ಕೂತು ಮಾತಾಡಿ ಒಪ್ಪಿಸಿದರು ಅಂತ ಬರೆದಿದ್ದೀರಿ. ನಿಮ್ಮ ಪಟ್ಟಿಯಲ್ಲೇ ಅತಿ ದೊಡ್ಡ ಕೆಲಸ ಇದು. ಆದರೆ ಇದು ಆ ಹುಡುಗಿಯ ಕಥೆ, ನಿಮ್ಮದಲ್ಲ. ಊರ ಮುಂದೆ ಓದಿದರೆ ಹೆಸರು ಹೇಳದಿದ್ದರೂ ಎಲ್ಲರಿಗೂ ಯಾರು ಅಂತ ಗೊತ್ತಾಗುತ್ತೆ. ಅವಳಿಗೆ ಇಷ್ಟ ಇದ್ದರೆ ಅವಳೇ ಬೇರೆ ಚೀಟಿ ಬರೆದು ಮೇಷ್ಟ್ರ ಕೈಗೆ ಕೊಡಲಿ. ಇಷ್ಟ ಇಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ.

ಇನ್ನೊಂದು, "ನಿಮ್ಮಿಂದಾಗಿ ನಮಗೆ ಯಾವ ನಷ್ಟವೂ ಆಗಲಿಲ್ಲ" ಅಂತ ಬರೆದಿದ್ದೀರಲ್ಲ, ಅದನ್ನು ತೆಗೀರಿ. ನಷ್ಟ ಆಗಿದೆ, ಮೇಷ್ಟ್ರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಎಂಟನೇ ಕ್ಲಾಸಿಗೆ ಬಂದ ಮಕ್ಕಳಿಗೆ ಭಿನ್ನರಾಶಿ ಕೂಡೋಕೆ ಬರ್ತಿರಲಿಲ್ಲ, ನಾನೇ ಶಾಲೆ ಶಾಲೆಗೆ ಹೋದಾಗ ನೋಡಿದ್ದೇನೆ. ಅದಕ್ಕೇ ಅಲ್ವಾ ಸರ್ಕಾರ 2022-23ನ್ನು ಕಲಿಕಾ ಚೇತರಿಕೆ ವರ್ಷ ಅಂತ ಮಾಡಿದ್ದು, ಹಿಂದಿನ ತರಗತಿಗಳ ಪಾಠವನ್ನು ಮತ್ತೆ ಕಲಿಸಿ ಅಂದದ್ದು. ಆ ಕಾಲದಲ್ಲಿ ಪಾಠ ಮಾಡಿದ ಬಹಳ ಶಿಕ್ಷಕರಿಗೆ ಒಳಗೊಳಗೇ ಒಂದು ಕೊರಗು ಇದೆ, ಸಾಲಲಿಲ್ಲವೇನೋ ಅಂತ. ಅವರಿಗೆ "ಎಲ್ಲಾ ಚೆನ್ನಾಗಿತ್ತು" ಅಂದರೆ ಸುಳ್ಳು ಅಂತ ಗೊತ್ತಾಗುತ್ತೆ. "ಎಷ್ಟೋ ಪಾಠ ತಪ್ಪಿಹೋಯಿತು, ಆದರೆ ಪುಸ್ತಕ ಮುಟ್ಟೋ ಅಭ್ಯಾಸ ತಪ್ಪಲಿಲ್ಲ" ಅಂದರೆ ನಂಬ್ತಾರೆ. ನಿಮ್ಮ ಊರಿನಿಂದ ಆ ಬ್ಯಾಚಿನಲ್ಲಿ ಯಾರೂ ಶಾಲೆ ಬಿಡಲಿಲ್ಲ ಅಂತ ಪಟ್ಟಿಯ ಮೂಲೆಯಲ್ಲಿ ಬರೆದಿದ್ದೀರಿ. ಅದನ್ನು ಇನ್ನೊಮ್ಮೆ ಎಲ್ಲರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡು ಪತ್ರಕ್ಕೆ ತನ್ನಿ.

"ನಮ್ಮ ಕನ್ನಡ ಅಷ್ಟು ಚೆನ್ನಾಗಿಲ್ಲ, ಮೇಷ್ಟ್ರು ನಗ್ತಾರೇನೋ" ಅಂತಲೂ ಕೇಳಿದ್ದೀರಿ. ಅಮಿತ್ ಕುಮಾರ್, ನಿಕೋಲಸ್ ಎಪ್ಲೆ ಅನ್ನೋ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಜನರ ಕೈಲಿ ಧನ್ಯವಾದ ಪತ್ರ ಬರೆಸಿ, ಓದಿದವರಿಗೆ ಹೇಗನ್ನಿಸಬಹುದು ಅಂತ ಮೊದಲು ಬರೆದವರನ್ನು ಕೇಳಿದರು, ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ತಮ್ಮ ಮಾತು ಸರಿಯಾಗಿ ಜೋಡಿಸಿದೆಯಾ ಅಂತ ಚಿಂತೆ ಮಾಡ್ತಿದ್ದರು, ಓದಿದವರು ಅದರಲ್ಲಿರೋ ಪ್ರೀತಿ ನೋಡ್ತಿದ್ದರು. ಓದಿದವರಿಗೆ ಮುಜುಗರ ಆಗುತ್ತೆ ಅಂತ ಬರೆದವರು ಅಂದುಕೊಂಡಷ್ಟು ಆಗಲೂ ಇಲ್ಲ, ಖುಷಿ ಮಾತ್ರ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು. ನಿಮ್ಮ ಒತ್ತು ದೀರ್ಘ ತಿದ್ದೋಕೆ ಮೇಷ್ಟ್ರ ಕೈ ತುರಿಸಬಹುದು. ತುರಿಸಲಿ ಬಿಡಿ.

ನಿಮ್ಮ ಪಟ್ಟಿ ಇಟ್ಟುಕೊಂಡು ನಾನು ಒಂದು ಮಾದರಿ ಬರೆದಿದ್ದೇನೆ. ಹಾಗೇ ಇಳಿಸಿಕೊಳ್ಳಬೇಡಿ, ನಿಮ್ಮ ಬಾಯಿಗೆ ಬರೋ ಹಾಗೆ ಬದಲಾಯಿಸಿ:

"ಮೇಷ್ಟ್ರೇ, 2020ರ ಆಗಸ್ಟ್‌ನಲ್ಲಿ ನೀವು ನಮ್ಮೂರ ಅರಳಿಕಟ್ಟೆಗೆ ಬಂದ ಮೊದಲ ದಿನ ನಾವು ಬಂದದ್ದು ನಾಲ್ಕೇ ಜನ. ಉಳಿದವರು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆವು. ನೀವು ಯಾರನ್ನೂ ಬೈಯಲಿಲ್ಲ. ಮನೆಮನೆಗೆ ಬಂದು ಹುಳು ಯಾವ ಜ್ವರದಲ್ಲಿದೆ ಅಂತ ಕೇಳಿದಿರಿ. ಆಮೇಲೆ ಒಂಬತ್ತರ ಪಾಠ ಹನ್ನೊಂದಕ್ಕೆ ಆಯಿತು. ನಾವೆಲ್ಲ ಬರೋಕೆ ಶುರುವಾದೆವು. ನೀವು ಬಿಸಿಲಲ್ಲಿ ಮನೆಗೆ ವಾಪಸ್ ಹೋಗೋಕೆ ಶುರುವಾದಿರಿ.

ಒಂದು ದಿನ ಗೂಡಿನ ಚೀಟಿ ನೋಡಿ ನೂರು ಮೊಟ್ಟೆಗೆ ಎಷ್ಟು ಕೆಜಿ ಅಂತ ಲೆಕ್ಕ ಕೊಟ್ಟಿರಿ. ಉತ್ತರ 70 ಬಂತು. ಮನೆಗೆ ಹೋಗಿ ಅಪ್ಪನಿಗೆ ಹೇಳಿದಾಗ ಅವರು ಮಾತಾಡಲಿಲ್ಲ, ಚೀಟಿ ಇನ್ನೊಂದು ಸಲ ನೋಡಿದರು. ಮಾರನೇ ದಿನದಿಂದ ಪಾಠದ ಹೊತ್ತಿಗೆ ನಮ್ಮ ಗೆಳೆಯನನ್ನು ಕೆಲಸಕ್ಕೆ ಕರೆಯಲಿಲ್ಲ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳ್ತಿದ್ದೇವೆ.

ಆ ಒಂದೂವರೆ ವರ್ಷದಲ್ಲಿ ನಮಗೆ ಎಷ್ಟೋ ಪಾಠ ತಪ್ಪಿದೆ. ಹೈಸ್ಕೂಲಲ್ಲಿ ಕಷ್ಟ ಆಯಿತು. ಆದರೆ ನಮ್ಮ ಬ್ಯಾಚಿನ ಹನ್ನೊಂದು ಜನರಲ್ಲಿ ಯಾರೂ ಶಾಲೆ ಬಿಡಲಿಲ್ಲ. ಇವತ್ತು ಕೆಲವರು ಕಾಲೇಜಿನಲ್ಲಿ, ಕೆಲವರು ಐಟಿಐನಲ್ಲಿ ಇದ್ದೇವೆ. ಮನೆಯಲ್ಲಿ ಈಗಲೂ ಗೂಡಿನ ಲೆಕ್ಕ ನಾವೇ ಹಾಕ್ತೀವಿ. ನಿಮಗೆ ಧನ್ಯವಾದ, ಮೇಷ್ಟ್ರೇ."

ಗಮನಿಸಿ, ಇದರಲ್ಲಿ ಧನ್ಯವಾದ ಅನ್ನೋ ಪದ ಬಂದದ್ದು ಒಂದೇ ಸಲ. "ಪೂಜ್ಯ ಗುರುಗಳೇ" ಅಂತಲೂ ಕರೆದಿಲ್ಲ. ದಿನಾ "ಮೇಷ್ಟ್ರೇ" ಅಂದವರು ಅವತ್ತೊಂದು ದಿನ ಬೇರೆ ಕರೆದರೆ ಅವರಿಗೇ ಹೊಸಬರು ಮಾತಾಡಿದ ಹಾಗಾಗುತ್ತೆ. ಗಟ್ಟಿಯಾಗಿ ಓದಿದರೆ ಒಂದೂವರೆ ನಿಮಿಷ ಚಿಲ್ಲರೆ ಆಗುತ್ತೆ. ಬೀಳ್ಕೊಡುಗೆಯಲ್ಲಿ ಎಸ್‌ಡಿಎಂಸಿ ಅಧ್ಯಕ್ಷರಿಂದ ಹಿಡಿದು ಎಲ್ಲರೂ ಮಾತಾಡ್ತಾರೆ, ಊಟಕ್ಕೆ ಹೊತ್ತಾಗಿರುತ್ತೆ, ಅದಕ್ಕಿಂತ ಉದ್ದ ಬೇಡ. ಓದೋಕೆ ಗಂಟಲು ಚೆನ್ನಾಗಿರೋರನ್ನು ಹುಡುಕಬೇಡಿ, ಚೀಟಿಯ ಹುಡುಗನೇ ಓದಲಿ. ಅವನು ಓದಿದರೆ "ನಮ್ಮ ಗೆಳೆಯ" ತೆಗೆದು "ನನ್ನನ್ನು" ಅಂತ ಮಾಡಿ, ಮತ್ತೆ ಅವನ ಅಪ್ಪನಿಗೆ ಮುಂಚೆಯೇ ಒಂದು ಮಾತು ಹೇಳಿಬಿಡಿ. ಸಭೆಯಲ್ಲಿ ಅವರೂ ಇರ್ತಾರೆ.

ಕೊನೆಯದಾಗಿ ಅತಿಥಿ ಶಿಕ್ಷಕಿಯ ವಿಷಯ. ಕರಡಿನಲ್ಲಿ ಅವರನ್ನು "ಹಾಗೂ ಇತರ ಶಿಕ್ಷಕ ವೃಂದ" ಅನ್ನೋದರೊಳಗೆ ಸೇರಿಸಿದ್ದೀರಿ. ಇದು ಸರಿಯಲ್ಲ, ಖಂಡಿತ ಬದಲಾಯಿಸಿ. ಮೇಷ್ಟ್ರಿಗೆ ಆ ಒಂದೂವರೆ ವರ್ಷ ಸಂಬಳ ಇತ್ತು. ಅತಿಥಿ ಶಿಕ್ಷಕರನ್ನು ತಗೊಳ್ಳೋದು ವರ್ಷ ವರ್ಷದ ಲೆಕ್ಕದಲ್ಲಿ, ಪಾಠ ಮಾಡಿದ ತಿಂಗಳಿಗೆ ಗೌರವಧನ. ಶಾಲೆಯೇ ಇಲ್ಲದಿದ್ದರೆ ಅವರಿಗೆ ಕೆಲಸವೂ ಇಲ್ಲ, ದುಡ್ಡೂ ಇಲ್ಲ. ಆಗ ಎಷ್ಟೋ ಜನ ಟೊಮ್ಯಾಟೊ ಬಿಡಿಸೋಕೆ ಹೋದರು, ಅಂಗಡಿಗಳಲ್ಲಿ ನಿಂತರು. ನಿಮ್ಮೂರಲ್ಲೇ ಇದ್ದ ಆ ಮೇಡಂ ಯಾವ ಆದೇಶವೂ ಇಲ್ಲದೆ, ಕಟ್ಟೆ ಪಾಠ ನಿಂತ ಮೇಲೆ ನಿಮ್ಮ ನೋಟ್‌ಬುಕ್ ಇಸಕೊಂಡು ರಾತ್ರಿ ತಿದ್ದಿ ಬೆಳಗ್ಗೆ ಜಗಲಿ ಮೇಲೆ ಇಡ್ತಿದ್ದರು ಅಂತ ಪಟ್ಟಿಯಲ್ಲಿದೆ. ಅವರಿಗೆ ಬೀಳ್ಕೊಡುಗೆ ಅಂತ ಯಾರೂ ಮಾಡಲ್ಲ. ಅತಿಥಿ ಶಿಕ್ಷಕರಿಗೆ ಶಾಲು ಹಾರ ಹಾಕಿದ್ದನ್ನು ನಾನಂತೂ ಕಂಡಿದ್ದು ಕಡಿಮೆ. ಅವರಿಗೆ ಬೇರೆಯೇ ಪತ್ರ ಬರೆಯಿರಿ, ಇದೇ ಕ್ರಮದಲ್ಲಿ: ನೋಟ್‌ಬುಕ್ಕು, ಜಗಲಿ, ಅವರು ಬರೆದ ಒಂದು ಕೆಂಪು ಸಾಲು ಇನ್ನೂ ಯಾರಿಗಾದರೂ ನೆನಪಿದ್ದರೆ ಅದು. "ಸಂಬಳ ಇಲ್ಲದೆ ದುಡಿದಿರಿ" ಅಂತ ಸಭೆಯಲ್ಲಿ ಓದಬೇಡಿ, ಅವರ ಕಷ್ಟವನ್ನು ಊರ ಮುಂದೆ ಇಟ್ಟ ಹಾಗಾಗುತ್ತೆ. ಪತ್ರದಲ್ಲಿ ಒಂದು ಸಾಲು ಇದ್ದರೆ ಸಾಕು, ಅವರಿಗೆ ಅರ್ಥ ಆಗುತ್ತೆ.

ಕಾರ್ಯಕ್ರಮಕ್ಕೆ ಅವರನ್ನು ಕರೆಯೋ ಜವಾಬ್ದಾರಿ ಯಾರ ಮೇಲೂ ಇಲ್ಲದೆ ತಪ್ಪಿಹೋಗೋದು ಜಾಸ್ತಿ, ಹಾಗಾಗಿ ಮುಖ್ಯ ಶಿಕ್ಷಕರಿಗೆ ಇವತ್ತೇ ಫೋನ್ ಮಾಡಿ ಆಹ್ವಾನದಲ್ಲಿ ಮೇಡಂ ಹೆಸರು ಇದೆಯಾ ಅಂತ ಕೇಳಿ. ಇಲ್ಲ ಅಂದರೆ ನಿಮ್ಮಲ್ಲಿ ಇಬ್ಬರು ಅವರ ಮನೆಗೇ ಹೋಗಿ ಕರೆದು ಬನ್ನಿ.